ಮನೆಗೊಂದೇ ಫೋನು, ಮಕ್ಕಳು ಮೂವರು: ಸ್ಕೂಲು ಮುಚ್ಚಿದಾಗ ದಿನಾ ಏನು ಕೆಲಸ ಕೊಡೋದು

(ನಮ್ಮ ಕಡೆ ಪ್ರೈಮರಿ ಟೀಚರ್‌ಗಳ ಒಂದು ಸಭೆಯಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಅಲ್ಲಿ ಹೇಳಿದ ಹಾಗೇ ಟೈಪ್ ಮಾಡಿದೀನಿ, ಸ್ವಲ್ಪ ಅಲ್ಲಿಲ್ಲಿ ಸರಿ ಮಾಡಿದೀನಿ ಅಷ್ಟೆ.)

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ 2021 ಆದ್ಮೇಲೆ ಕೆಲಸಕ್ಕೆ ಸೇರಿದೋರು, ಕೊರೊನಾಗೆ ಸ್ಕೂಲು ಮುಚ್ಚಿದ್ದ ಆ ಒಂದೂವರೆ ವರ್ಷ ನೀವು ಸ್ಕೂಲಿನ ಈ ಕಡೆಯಿಂದ ನೋಡಿಲ್ಲ. 2020ರ ಮಾರ್ಚ್ ಮಧ್ಯದಲ್ಲಿ ಬಾಗಿಲು ಹಾಕಿದ್ದು, ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಬೆಂಚ್ ಮೇಲೆ ಕೂತಿದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಯ್ತು, ಅರಳಿಕಟ್ಟೆ, ದೇವಸ್ಥಾನದ ಜಗಲಿ, ಎಲ್ಲಿ ಜಾಗ ಸಿಕ್ತೋ ಅಲ್ಲಿ ಮಕ್ಕಳನ್ನ ಕೂರಿಸಿ ಪಾಠ ಮಾಡಿದ್ವಿ, ಅಕ್ಟೋಬರ್‌ನಲ್ಲಿ ಅದೂ ನಿಂತುಹೋಯ್ತು. ಈಗ ಮಳೆ ರಜೆ ವಾರಗಟ್ಟಲೆ ಬಂದ್ರೆ ಮತ್ತೆ ಅದೇ ತಪ್ಪು ನೋಡ್ತಿದೀನಿ, ಗ್ರೂಪಿಗೆ ಪಿಡಿಎಫ್ ಹಾಕಿ ಕೈ ತೊಳ್ಕೊಳ್ಳೋದು. ಅದಕ್ಕೇ ಒಂದೇ ಒಂದು ಮನೆಯ ಕಥೆ ಇಟ್ಕೊಂಡು ಮಾತಾಡ್ತೀನಿ.

ತಿಪಟೂರು ಕಡೆ ಹಳ್ಳಿ. ಅಪ್ಪ ಗೂಡ್ಸ್ ಆಟೋ ಓಡಿಸ್ತಾರೆ, ತೆಂಗಿನಕಾಯಿ ಲೋಡು. ಅಮ್ಮ ಏಳನೇ ಕ್ಲಾಸು, ಎರಡು ಹಸು ಇದೆ. ಅಜ್ಜಿಗೆ ಓದು ಬರಲ್ಲ. ಮಕ್ಕಳು ಮೂರು, ದೊಡ್ಡವನು ಎಂಟನೇ ಕ್ಲಾಸು, ನಡುವಿನವಳು ಐದು, ಚಿಕ್ಕವನು ಎರಡು. ಸ್ಮಾರ್ಟ್‌ಫೋನ್ ಒಂದು, ಅದು ಬೆಳಿಗ್ಗೆ ಏಳಕ್ಕೆ ಅಪ್ಪನ ಜೇಬಲ್ಲಿ ಹೋಗಿ ರಾತ್ರಿ ಏಳೂವರೆಗೆ ಮನೆಗೆ ಬರತ್ತೆ. ಸರ್ವೆ ಮಾಡಿದಾಗ ನಾನೇ ಈ ಮನೆ ಮುಂದೆ 'ಫೋನ್ ಇದೆ' ಅಂತ ಟಿಕ್ ಹಾಕಿದ್ದೆ. ಇರೋದೇನೋ ಇತ್ತು, ಆದ್ರೆ ಮಕ್ಕಳು ಎಚ್ಚರ ಇರೋ ಹೊತ್ತಲ್ಲಿ ಮನೇಲಿ ಇರ್ತಿದ್ದಿದ್ದು ಹೆಚ್ಚೆಂದ್ರೆ ಎರಡು ಗಂಟೆ, ಅದನ್ನ ಮೂವರಿಗೆ ಹಂಚಬೇಕು, ಅಪ್ಪನಿಗೆ ನಾಳೆ ಲೋಡಿನ ಫೋನುಗಳು ಬರೋದೂ ಅದೇ ಹೊತ್ತಲ್ಲಿ.

ಮೊದಲ ಎರಡು ತಿಂಗಳು ಎಲ್ರೂ ಮಾಡಿದ್ದನ್ನೇ ನಾನೂ ಮಾಡಿದೆ. ಕ್ಲಾಸಿಗೊಂದು ವಾಟ್ಸಾಪ್ ಗ್ರೂಪು, ವಿಡಿಯೋ, ವರ್ಕ್‌ಶೀಟು. ಆ ಮನೆಗೆ ಮೂರು ಗ್ರೂಪಿಂದ ಬರ್ತಿತ್ತು, ಫೋನ್ ತುಂಬಿಹೋಗಿ ಅಪ್ಪ ಒಂದಿನ ಎಲ್ಲಾ ಡಿಲೀಟ್ ಮಾಡಿಬಿಟ್ರು, ಅವರನ್ನ ಬೈಯ್ಯೋಕೂ ಆಗಲ್ಲ. ಆದ್ರೂ ಹೋಂವರ್ಕ್ ಫೋಟೋ ಮಾತ್ರ ದಿನಾ ಬರ್ತಿತ್ತು, ನಾನು ಥಂಬ್ಸ್ ಅಪ್ ಹಾಕ್ತಿದ್ದೆ. ಒಂದಿನ ಸಂಜೆ ಎರಡನೇ ಕ್ಲಾಸಿನವನ ಫೋಟೋನೂ ಐದನೇ ಕ್ಲಾಸಿನವಳ ಫೋಟೋನೂ ಅಕ್ಕಪಕ್ಕ ನೋಡ್ತೀನಿ, 'ಳ' ಎರಡರಲ್ಲೂ ಒಂದೇ ಥರ, ಬಾಲ ಎಡಕ್ಕೆ ಎಳೆದಿರೋದು. ಎರಡೂ ದೊಡ್ಡವನ ಕೈಬರಹ. ಅವನು ಮೂವರದ್ದೂ ಹತ್ತು ನಿಮಿಷದಲ್ಲಿ ಬರೆದು, ಫೋಟೋ ಕಳಿಸಿ, ಉಳಿದ ಹೊತ್ತು ಗೇಮ್ ಆಡ್ತಿದ್ದ. ಬುದ್ಧಿವಂತ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.

ಅಲ್ಲಿಂದ ಒಂದು ನಿಯಮ ಮಾಡ್ಕೊಂಡೆ. ಫೋನಿಗೆ ಎರಡೇ ಕೆಲಸ, ಮಗುವಿನ ದನಿ ನನಗೆ ಕೇಳಬೇಕು, ಮಗು ಪೇಪರಲ್ಲಿ ಮಾಡಿದ್ದು ನನಗೆ ಕಾಣಬೇಕು. ನನ್ನಿಂದ ಮನೆಗೆ ಹೋಗೋ ಪಾಠ ಫೋನಲ್ಲಿ ಹೋಗಲ್ಲ. ನಾವೆಲ್ಲ ಉಲ್ಟಾ ಮಾಡ್ತಿದ್ವಿ, ಇಲ್ಲಿಂದ ರಾಶಿ ಕಳಿಸೋದು, ಅಲ್ಲಿಂದ ಏನೂ ಕೇಳಿಸ್ಕೊಳ್ದೇ ಇರೋದು. ಆಫ್ರಿಕಾದ ಬೋಟ್ಸ್‌ವಾನದಲ್ಲಿ ಅದೇ 2020ರಲ್ಲಿ ನಾಲ್ಕೂವರೆ ಸಾವಿರ ಮನೆಗಳಲ್ಲಿ ಒಂದು ಪ್ರಯೋಗ ನಡೆದಿತ್ತು, ಕೆಲವು ಮನೆಗೆ ವಾರಕ್ಕೊಂದು ಲೆಕ್ಕದ ಎಸ್ಸೆಮ್ಮೆಸ್ ಮಾತ್ರ, ಕೆಲವಕ್ಕೆ ಎಸ್ಸೆಮ್ಮೆಸ್ ಜೊತೆಗೆ ವಾರಕ್ಕೆ ಹದಿನೈದಿಪ್ಪತ್ತು ನಿಮಿಷ ಕಾಲ್. ಬರೀ ಎಸ್ಸೆಮ್ಮೆಸ್‌ನಿಂದ ಹೇಳ್ಕೊಳ್ಳೋ ಅಂಥ ಬದಲಾವಣೆ ಆಗ್ಲಿಲ್ಲ, ಕಾಲ್ ಇದ್ದ ಕಡೆ ಲೆಕ್ಕ ಸುಧಾರಿಸ್ತು. ಅದು ಸಾದಾ ಕೀಪ್ಯಾಡ್ ಫೋನಲ್ಲೂ ಆಗೋ ಕೆಲಸ. ನಾನಿದನ್ನ ಓದಿದ್ದು ಆಮೇಲೆ, ಆದ್ರೆ ಓದಿದಾಗ ಆ 'ಳ' ನೆನಪಾಯ್ತು.

ಸರಿ, ಪಾಠ ಮನೆಗೆ ಹೋಗೋದು ಹೇಗೆ? ಪೇಪರಲ್ಲಿ. ಬಿಸಿಯೂಟದ ಬದಲು ರೇಷನ್ ಕೊಡ್ತಿದ್ವಲ್ಲ, ಆ ದಿನ ಅಮ್ಮಂದಿರು ಹೇಗೂ ಸ್ಕೂಲಿಗೆ ಬರ್ತಿದ್ರು, ಆವಾಗ ಒಂದಷ್ಟು ಹಾಳೆ ಕೊಟ್ಟೆ. ಉಳಿದ ವಾರ ಹಾಲಿನ ಡೇರಿ. ಬೆಳಿಗ್ಗೆ ಆರೂವರೆಗೆ ಹಾಲು ಹಾಕೋಕೆ ಪ್ರತಿ ಮನೆಯಿಂದ ಯಾರಾದ್ರೂ ಬಂದೇ ಬರ್ತಾರೆ, ಅಲ್ಲಿ ಮೊಳೆಗೆ ಒಂದು ಬಟ್ಟೆ ಚೀಲ ನೇತು ಹಾಕಿದ್ವಿ, ಸೋಮವಾರ ಹೊಸ ಹಾಳೆ ತಗೊಂಡು ಹೋಗೋದು, ಹಳೇದು ಅದೇ ಚೀಲಕ್ಕೆ ಹಾಕೋದು. ನನ್ನ ಕ್ಲಾಸುಗಳಲ್ಲಿ 31 ಮಕ್ಕಳು, ಮನೆ ಲೆಕ್ಕ ಹಾಕಿದ್ರೆ 22. ಹಾಳೆ ಮಕ್ಕಳ ಲೆಕ್ಕದಲ್ಲಿ ಅಲ್ಲ, ಮನೆಗೊಂದು, ಎರಡೂ ಕಡೆ ನನ್ನ ಕೈಬರಹ, ಜೆರಾಕ್ಸು. ಮೂರು ಕ್ಲಾಸಿಗೆ ಮೂರು ಬೇರೆ ಬೇರೆ ಹಾಳೆ ಕೊಟ್ರೆ ಮನೇಲಿ ಮೂರು ಜನ ಮೂರು ಮೂಲೆ ಹಿಡೀತಾರೆ, ಅಮ್ಮನಿಗೆ ಯಾರ ಹತ್ರ ಕೂರಬೇಕು ಅಂತ್ಲೇ ಗೊತ್ತಾಗಲ್ಲ. ಮನೇಲಿರೋ ಒಂದೇ ವಸ್ತು ತಗೊಂಡು ಮೂರು ಆಳದಲ್ಲಿ ಕೆಲಸ ಕೊಟ್ರೆ ಎಲ್ರೂ ಅದರ ಸುತ್ತ ಕೂರ್ತಾರೆ.

ಒಂದು ವಾರದ ಹಾಳೆ ಹೇಳ್ತೀನಿ, ಅಕ್ಕಿ ವಾರ. ಬಂದಿರೋ ರೇಷನ್ನೇ ಪಾಠ. ಚಿಕ್ಕವನಿಗೆ, ಅಕ್ಕಿನ ಲೋಟದಲ್ಲಿ ಅಳೆದು ಡಬ್ಬಕ್ಕೆ ಹಾಕೋದು, ಲೋಟಕ್ಕೊಂದು ಗೀಟು, ಐದನೇ ಗೀಟು ಅಡ್ಡ, ಆಮೇಲೆ ಐದೈದು ಎಣಿಸೋದು. ನಡುವಿನವಳಿಗೆ, ಬಿಸಿಯೂಟದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಗುಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ, ಹಾಗಾದ್ರೆ 26 ದಿನಕ್ಕೆ ನಿಮ್ಮ ಮೂವರಿಗೂ ಸೇರಿ ಎಷ್ಟು ಬರಬೇಕು ಅಂತ. ಎರಡು ಕಿಲೋ ಆರುನೂರು ಎರಡು ಸಲ, ದೊಡ್ಡವನದು ಮೂರು ಕಿಲೋ ಒಂಬೈನೂರು, ಒಟ್ಟು ಒಂಬತ್ತು ಕಿಲೋ ನೂರು ಗ್ರಾಂ. ಈ ಲೆಕ್ಕಕ್ಕೆ ಮಾತ್ರ ಯಾರೂ ಬೇಜಾರು ಮಾಡ್ಕೊಳ್ಳಿಲ್ಲ, ಮೂರು ಮನೆಯಿಂದ ಅಮ್ಮಂದಿರೇ ತೂಕ ಹಾಕಿಸ್ಕೊಂಡು ಬಂದು 'ಮಿಸ್ಸೇ, ನೋಡಿ' ಅಂತ ನನ್ನನ್ನೇ ಕೇಳಿದ್ರು, ಒಳ್ಳೇದೇ ಆಯ್ತು. ದೊಡ್ಡವನಿಗೆ ಇಬ್ಬರ ಪಾಲಿನ ಅನುಪಾತ, ಶೇಕಡಾ ಎಷ್ಟು ಜಾಸ್ತಿ, ಜೊತೆಗೆ ಅಜ್ಜಿನ ಕೂರಿಸ್ಕೊಂಡು ಹಿಂದೆ ರಾಗಿ ಹೇಗೆ ಇಡ್ತಿದ್ರು ಅಂತ ಕೇಳಿ ಹತ್ತು ವಾಕ್ಯ ಬರೆಯೋದು. ಅಜ್ಜಿ ಹಗೇವಿನ ಕಥೆ ಶುರು ಮಾಡಿದ್ರು, ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಮುಚ್ಚಿಡೋದು, ತೆಗೆದ ತಕ್ಷಣ ಒಳಗೆ ಇಳಿಯಬಾರದು, ಉಸಿರುಗಟ್ಟತ್ತೆ, ದೀಪ ಇಳಿಸಿ ನೋಡಬೇಕು ಅಂತೆಲ್ಲ. ದೀಪ ಯಾಕೆ ಆರಿಹೋಗತ್ತೆ ಅಂತ ಮುಂದಿನ ವಾರದ ಸೈನ್ಸ್ ಅಲ್ಲೇ ಸಿಕ್ತು. ಚಿಕ್ಕವನೂ ಬಾಯಿ ಬಿಟ್ಕೊಂಡು ಕೇಳ್ತಾ ಕೂತಿದ್ದ ಅಂತ ಅಮ್ಮ ಹೇಳಿದ್ರು.

ಈಗ ಕಾಲ್. ಮಂಗಳವಾರ ರಾತ್ರಿ ಎಂಟು ಗಂಟೆ ಆ ಮನೆ ಸರದಿ, ಇಪ್ಪತ್ತು ನಿಮಿಷ. ಮೊದಲು ಚಿಕ್ಕವನು, ಯಾಕಂದ್ರೆ ಎಂಟೂ ಕಾಲಿಗೆ ಮಲಗಿಬಿಡ್ತಾನೆ, ಅವನಿಗೆ ಐದು ನಿಮಿಷ, ಅವಳಿಗೆ ಎಂಟು, ದೊಡ್ಡವನಿಗೆ ಉಳಿದಿದ್ದು. ಒಂದು ಮಗುವಿನ ಮನೆಗೆ ಹತ್ತು ನಿಮಿಷ ಸಾಕು. 22 ಮನೆ ಅಂದ್ರೆ ದಿನಕ್ಕೆ ನಾಲ್ಕೈದು ಮನೆ, ಹೆಚ್ಚುಕಮ್ಮಿ ಒಂದು ಗಂಟೆ. ಕಾನ್ಫರೆನ್ಸ್ ಕಾಲಲ್ಲಿ ನಾಲ್ಕೈದು ಮಕ್ಕಳನ್ನ ಸೇರಿಸಿ ಟ್ರೈ ಮಾಡಿದ್ದೆ, ಒಂದು ಮನೆಯ ಟಿವಿ, ಒಂದು ಮನೆಯ ಕುಕ್ಕರು, ಚುರುಕಾಗಿರೋ ಹುಡುಗ ಎಲ್ಲಾದಕ್ಕೂ ಉತ್ತರ ಹೇಳಿಬಿಡ್ತಾನೆ, ಬಿಟ್ಟೆ.

ಚಿಕ್ಕವನ ಓದು ಮೊದಲ ಕಾಲಲ್ಲಿ ಭರ್ಜರಿಯಾಗಿತ್ತು. ಪುಸ್ತಕದ ಪಾಠ ಗಡಗಡ ಓದಿದ. ನನಗೆ ಖುಷಿ ಆಗಿ, ಪುಟ ತಿರುಗಿಸೋ ಸದ್ದೇ ಬರ್ಲಿಲ್ವಲ್ಲ ಅಂತ ಆಮೇಲೆ ಹೊಳೀತು. 'ಎರಡನೇ ಸಾಲಲ್ಲಿ ಮೂರನೇ ಪದ ಯಾವ್ದು ಪುಟ್ಟ' ಅಂದೆ, ಆ ಕಡೆ ಸದ್ದಿಲ್ಲ. ಆಮೇಲೆ ಹಿಂದಿಂದ ಅಮ್ಮ ಪಿಸುಗುಟ್ಟಿದ್ದು ಕೇಳಿಸ್ತು. ಅಕ್ಕ ಓದೋದನ್ನ ಕೇಳಿ ಕೇಳಿ ಇಡೀ ಪಾಠ ಬಾಯಿಪಾಠ ಆಗಿತ್ತು, ಅಕ್ಷರ ಗೊತ್ತಿರ್ಲಿಲ್ಲ. ಅವತ್ತಿಂದ ಸಾಲಿನ ಕೊನೆ ಪದದಿಂದ ಹಿಂದಕ್ಕೆ ಓದಿಸೋದು, ಇಲ್ಲಾಂದ್ರೆ ಗೋಡೆ ಮೇಲಿನ ಕ್ಯಾಲೆಂಡರಿಂದ. ಅದೇ ಕ್ಯಾಲೆಂಡರ್ ನನ್ನ ಮನೆ ಗೋಡೆಲೂ ಇತ್ತು, ಎಲ್ಲಿ ಬೆರಳಿಡಬೇಕು ಅಂತ ಫೋನಲ್ಲೇ ಹೇಳ್ತಿದ್ದೆ, 'ಹದಿನಾಲ್ಕನೇ ತಾರೀಕಿನ ಕೆಳಗೆ ಏನಿದೆ ಓದು' ಅಂತ. ಅಮ್ಮಂಗೆ ಮಾತ್ರ ಒಂದು ಮಾತು ಹೇಳಿದ್ದೆ, ಅವನು ತಪ್ಪು ಹೇಳಿದ್ರೂ ಸುಮ್ನಿರಿ, ತಪ್ಪು ಕೇಳೋಕೇ ನಾನು ಫೋನ್ ಮಾಡ್ತಿರೋದು.

ಅವನಿಗೆ ಹಾಳೆಲಿ ಪಾಠ ನಿಲ್ಲಿಸಿ ಚೀಟಿ ಶುರು ಮಾಡಿದ್ವಿ. ನಲಿಕಲಿಯಲ್ಲಿ ಮೊದಲು ಬರೋ ಅಕ್ಷರ ನಿಮಗೆ ಗೊತ್ತೇ ಇದೆ, ರ ಗ ಸ ದ ಅ. ಹಳೇ ಮದುವೆ ಪತ್ರಿಕೆ ಕತ್ತರಿಸಿ ಹಿಂದೆ ಒಂದೊಂದು ಅಕ್ಷರ ದಪ್ಪಗೆ ಬರೆಯೋದು, ಒಂದೊಂದಕ್ಕೂ ಎರಡು ಚೀಟಿ. ಐದೇ ಅಕ್ಷರದಲ್ಲಿ ಸರ, ದರ, ರಸ, ಅರಸ, ಅಗಸ, ಗದಗ ಎಲ್ಲಾ ಆಗತ್ತೆ. ಅಮ್ಮ ಬಾಯಲ್ಲಿ 'ಅರಸ' ಅಂದ್ರೆ ಅವನು ಚೀಟಿ ಜೋಡಿಸಬೇಕು, ಆಮೇಲೆ ಅವನು ಕಣ್ಣು ಮುಚ್ಚಿದಾಗ ಅಕ್ಕ ಒಂದು ಚೀಟಿ ಎತ್ತಿಡ್ತಾಳೆ, ಯಾವ್ದು ಹೋಯ್ತು ಹೇಳಬೇಕು. ದಿನಾ ಹದಿನೈದು ನಿಮಿಷ, ಅಷ್ಟೆ. ಕೊನೆಗೆ ಮಾಡಿದ ಪದಗಳನ್ನ ಒಂದ್ಸಲ ಬರೆಯೋದು. ಐದು ಸಲ ಬರಿ, ಹತ್ತು ಸಲ ಬರಿ ಅಂತ ಕೊಡಬೇಡಿ ದಯವಿಟ್ಟು, ಮಕ್ಕಳು ಮೇಲಿಂದ ಕೆಳಕ್ಕೆ ಬರೀತಾರೆ, ಮೊದಲು ಎಲ್ಲಾ ಸಾಲಲ್ಲೂ 'ಅ', ಆಮೇಲೆ ಎಲ್ಲಾ ಸಾಲಲ್ಲೂ 'ರ', ಪದ ಅನ್ನೋದು ಅಲ್ಲಿ ಇರೋದೇ ಇಲ್ಲ, ಆದ್ರೆ ಪುಟ ನೋಡೋಕೆ ಎಷ್ಟು ಚೆಂದ ಕಾಣತ್ತೆ ಗೊತ್ತಾ.

ನಡುವಿನವಳದು ನನಗೆ ಜಾಸ್ತಿ ಕಲಿಸಿದ್ದು. ಡಬ್ಬದಲ್ಲಿ 52 ಲೋಟ ಅಕ್ಕಿ, 27 ಖರ್ಚಾಯ್ತು, ಉಳಿದಿದ್ದು ಎಷ್ಟು ಅಂತ ಇತ್ತು. ಅವಳು 35 ಅಂತ ಬರೆದಿದ್ಲು. ಫೋಟೋ ಮಾತ್ರ ನೋಡಿದ್ರೆ ಇಂಟು ಹಾಕಿ ಸುಮ್ನಾಗ್ತಿದ್ದೆ. ಕಾಲಲ್ಲಿ 'ಹೇಗೆ ಮಾಡ್ದೆ ಹೇಳಮ್ಮ' ಅಂದೆ. 'ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಎರಡು ಕಳೆದೆ, ಐದು. ಐದರಲ್ಲಿ ಎರಡು ಹೋದ್ರೆ ಮೂರು.' ಅವಳ ಲೆಕ್ಕದಲ್ಲಿ ಎಲ್ಲಾ ಸರಿಯಾಗೇ ಇದೆ, ದೊಡ್ಡದರಲ್ಲಿ ಚಿಕ್ಕದು ಕಳೆಯೋದು ಅಂತ ಯಾವಾಗ್ಲೋ ನಾವೇ ಹೇಳಿಕೊಟ್ಟಿದೀವಲ್ಲ. ಅಣ್ಣ 'ದಶಕ ತಗೋಬೇಕು ಕಣೆ' ಅಂತ ಹತ್ತು ಸಲ ಹೇಳಿದ್ನಂತೆ, ತಗೋಳೋದು ಅಂದ್ರೆ ಏನು ಅಂತ ಅವಳಿಗೆ ಕಂಡಿರ್ಲಿಲ್ಲ.

ತೆಂಗಿನ ಸೀಮೆ, ಗರಿ ಕಡ್ಡಿಗೆ ಬರವಿಲ್ಲ. ಬೆರಳುದ್ದ ಮುರಿದು, ಹತ್ತತ್ತು ಎಣಿಸಿ ಬಾಳೆ ನಾರಲ್ಲಿ ಕಟ್ಟು ಅಂದೆ. ಐದು ಕಟ್ಟು, ಬಿಡಿ ಎರಡು. 'ಈಗ ಅಜ್ಜಿಗೆ 27 ಕಡ್ಡಿ ಕೊಡು.' ಎರಡು ಕಟ್ಟು ಕೊಟ್ಲು, ಬಿಡಿ ಎರಡೂ ಕೊಟ್ಲು, ನಿಂತ್ಲು. ಫೋನ್ ಸ್ಪೀಕರಲ್ಲಿತ್ತು. 'ಇನ್ನೂ ಐದು ಬೇಕು ಮಿಸ್, ಇಲ್ಲ.' ನಾನು ಬಾಯಿ ತೆಗೆಯೋ ಮೊದಲೇ ಅಜ್ಜಿ ಹೇಳಿದ್ರು, 'ಕಟ್ಟು ಬಿಚ್ಚವ್ವ, ಅದರಲ್ಲಿ ಇಲ್ವಾ.' ಬಿಚ್ಚಿದ್ಲು, ಐದು ಕೊಟ್ಲು, ಉಳಿದಿದ್ದು ಎರಡು ಕಟ್ಟು ಐದು ಬಿಡಿ. 'ಇಪ್ಪತ್ತೈದು! ಹಂಗಾದ್ರೆ ಅದು ತಪ್ಪಾ ಮಿಸ್?' ಅಂದ್ಲು. ಶಾಲೆ ಮೆಟ್ಟಿಲು ಹತ್ತದ ಅಜ್ಜಿ ನನ್ನ ಪಾಠ ಮುಗಿಸಿದ್ರು.

ಮರುದಿನದ ಕೆಲಸ ನಾಲ್ಕು ಲೆಕ್ಕ, ಕಾಲಲ್ಲೇ ಬರೆಸಿದೆ. 61ರಲ್ಲಿ 38, 40ರಲ್ಲಿ 16, 73ರಲ್ಲಿ 29, 85ರಲ್ಲಿ 32. ಹಳೇ ತಪ್ಪು ಇನ್ನೂ ಇದ್ರೆ ಉತ್ತರ 37, 36, 56 ಬರತ್ತೆ, ನೋಡಿದ ತಕ್ಷಣ ಗೊತ್ತಾಗತ್ತೆ. ನಾಲ್ಕನೇದು ಬೇಕಂತ್ಲೇ ಹಾಕಿದ್ದು, ಅದರಲ್ಲಿ ಕಟ್ಟು ಬಿಚ್ಚೋ ಅಗತ್ಯವೇ ಇಲ್ಲ. ಸುಮ್ನೆ ಎಲ್ಲಾದಕ್ಕೂ ಬಿಚ್ತಾಳಾ, ನೋಡಿ ಬಿಚ್ತಾಳಾ ಅಂತ. ಮೂರು ಸರಿ, ನಾಲ್ಕನೇದರಲ್ಲಿ ಬಿಚ್ಚಿಬಿಟ್ಟಿದ್ಲು, 53ರ ಬದಲು 43. ಇದು ಒಳ್ಳೇ ತಪ್ಪು, ಹೊಸದು ಕಲಿತಿರೋರು ಮಾಡೋ ತಪ್ಪು. ಐದಾರು ದಿನ ಕಡ್ಡಿ, ಆಮೇಲೆ ಪೇಪರಲ್ಲಿ ಕಟ್ಟಿಗೆ ಉದ್ದ ಗೀಟು, ಬಿಡಿಗೆ ಚುಕ್ಕಿ, ಅದಾದ್ಮೇಲೆ ಬರೀ ಅಂಕಿ. ಕಡ್ಡಿಯಿಂದ ಸೀದಾ ಅಂಕಿಗೆ ಹಾರಿಸಿದ ಎರಡು ಮಕ್ಕಳು ಮತ್ತೆ ಹಳೇದಕ್ಕೇ ಬಂದ್ರು, ಆ ಗೀಟು ಚುಕ್ಕಿಯ ಮೂರು ದಿನ ಬಿಡಬೇಡಿ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದೋರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯದಲ್ಲಿ, ಎರಡರಿಂದ ಆರನೇ ಕ್ಲಾಸಿನ ಹದಿನಾರು ಸಾವಿರ ಮಕ್ಕಳನ್ನ ನೋಡಿದ್ರಲ್ಲ, ನೂರಕ್ಕೆ 92 ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರ್ತಿದ್ದ ಒಂದಾದ್ರೂ ಸಾಮರ್ಥ್ಯ ಮರೆತಿದ್ರು, ಗಣಿತದಲ್ಲಿ 82. ಮಕ್ಕಳು ಈ ವರ್ಷದ ಪಾಠ ಮಿಸ್ ಮಾಡ್ಕೊಂಡಿದ್ದಲ್ಲ, ಹಿಂದಿನ ವರ್ಷದ್ದು ಕೈ ಜಾರಿತ್ತು. ಐದನೇ ಕ್ಲಾಸಿನವಳಿಗೆ ಐದರ ಪಾಠ ಬಿಟ್ಟು ಮೂರನೇ ಕ್ಲಾಸಿನ ವ್ಯವಕಲನ ಯಾಕೆ ಕೊಟ್ರಿ ಅಂತ ಮೇಲಿಂದ ಬಂದೋರೊಬ್ರು ಕೇಳಿದ್ರು, ಉತ್ತರ ಅದೇ.

ದೊಡ್ಡವನ ವಿಷಯದಲ್ಲಿ ನಾನು ಗೆದ್ದೆ ಅಂತ ಹೇಳಲ್ಲ. ಎಂಟನೇ ಕ್ಲಾಸಿನ ಬೀಜಗಣಿತ ವಾರಕ್ಕೆ ಏಳು ನಿಮಿಷದ ಕಾಲಲ್ಲಿ ಆಗಲ್ಲ. ಚಂದನ ಟಿವಿಲಿ ಎಂಟು ಒಂಬತ್ತು ಹತ್ತಕ್ಕೆ ಸಂವೇದ ಅಂತ ಪಾಠ ಬರ್ತಿತ್ತು, ಕರೆಂಟ್ ಇದ್ದಾಗ ನೋಡ್ತಿದ್ದ, ಡೌಟ್ ಕೇಳೋರಿಲ್ಲ. ಇನ್ನೊಂದು ಕಡೆ ತಮ್ಮ ತಂಗಿಗೆ ಮೇಷ್ಟ್ರಾಗಿ ಆಗಿ ಅವನ ಸ್ವಂತ ಹೊತ್ತೇ ಹೋಗ್ತಿತ್ತು. ಕೊನೆಗೆ ಎರಡು ಒಪ್ಪಂದ ಮಾಡಿದ್ವಿ. ಒಂದು, ಅವರ ಪುಸ್ತಕದಲ್ಲಿ ಇವನ ಪೆನ್ನು ಮುಟ್ಟಬಾರದು, ಪ್ರಶ್ನೆ ಮಾತ್ರ ಕೇಳಬಹುದು. ಎರಡು, ಅದಕ್ಕೆ ಬದಲಾಗಿ ಬೆಳಿಗ್ಗೆ ಆರರಿಂದ ಏಳು ಫೋನ್ ಪೂರ್ತಿ ಅವನದು, ಅಪ್ಪ ಹೊರಡೋ ತನಕ. ಒಂದು ಲೆಕ್ಕ ಸಿಕ್ಕಿಹಾಕ್ಕೊಂಡ್ರೆ ವಾಯ್ಸ್ ಮೆಸೇಜ್ ಹಾಕ್ತಿದ್ದ, ನಮ್ಮ ಗಣಿತದ ಮೇಷ್ಟ್ರು ಒಂದು ನಿಮಿಷದಲ್ಲಿ ಬಿಡಿಸಿ ಹೇಳಿ ವಾಪಸ್ ಹಾಕ್ತಿದ್ರು, ವಿಡಿಯೋ ಥರ ಡೇಟಾ ತಿನ್ನಲ್ಲ.

ಮೂವರ ಪುಟದ ಫೋಟೋ ತೆಗೆಯೋದೂ ಆ ಬೆಳಗಿನ ಹೊತ್ತಲ್ಲೇ. ರಾತ್ರಿ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಬರೀ ತೆಗೆಯೋರ ತಲೆಯ ನೆರಳು. ಹೊಸಿಲ ಹತ್ರ ನೆಲದ ಮೇಲೆ ಹಾಳೆ ಇಟ್ಟು, ಮೇಲಿಂದ ನೇರ ತೆಗೀಬೇಕು. ಮತ್ತೆ ಪೆನ್ಸಿಲ್ ಫೋಟೋದಲ್ಲಿ ಬೀಳಲ್ಲ, ಎರಡನೇ ಕ್ಲಾಸಿಗೂ ಪೆನ್ ಕೊಟ್ಬಿಡಿ, ಹೊಡೆದು ಹಾಕಿದ್ದೂ ಕಾಣಲಿ, ನನಗೆ ಬೇಕಾಗಿರೋದು ಅದೇ. ರೀಚಾರ್ಜ್ ಮುಗಿದು ಫೋನ್ ಸುಮ್ನಾದ ವಾರಗಳೂ ಇದ್ವು, ಆವಾಗ ಡೇರಿ ಚೀಲದ ಹಾಳೆನೇ ಎಲ್ಲಾ.

ಸಭೆಯಲ್ಲಿ ಒಬ್ರು ಕೇಳಿದ್ರು, 'ಮೇಡಂ, ದಿನಕ್ಕೆ ಎಷ್ಟು ಹೊತ್ತು, ಮಾಡಿದಾರೆ ಅಂತ ನೋಡೋರು ಯಾರು?' ಎರಡನೇ ಕ್ಲಾಸಿಗೆ ಹದಿನೈದು ಇಪ್ಪತ್ತು ನಿಮಿಷ, ಎರಡು ಸಲ. ಐದಕ್ಕೆ ಮುಕ್ಕಾಲು ಗಂಟೆ, ಒಂದೇ ಸಲ ಬೇಡ. ಎಂಟಕ್ಕೆ ಒಂದು ಗಂಟೆ, ಜೊತೆಗೆ ಅವನ ಫೋನಿನ ಗಂಟೆ. ಅದಕ್ಕಿಂತ ಜಾಸ್ತಿ ಕೊಟ್ರೆ ಮತ್ತೆ ದೊಡ್ಡವನ 'ಳ' ಎಲ್ಲಾ ಪುಟದಲ್ಲೂ ಬರತ್ತೆ. ನೋಡೋರು ಅಜ್ಜಿ. ಕೆಲಸ ಮುಗಿಸಿದ ಮಗು ಅಜ್ಜಿಗೆ ತೋರಿಸಿ ಬಾಯಲ್ಲಿ ಹೇಳಬೇಕು, ಅಜ್ಜಿ ಕ್ಯಾಲೆಂಡರಿನ ಆ ತಾರೀಕಿನ ಮೇಲೆ ಒಂದು ಕುಂಕುಮದ ಚುಕ್ಕೆ ಇಡ್ತಾರೆ, ಮೂರು ಮಕ್ಕಳಿಗೆ ಮೂರು ಚುಕ್ಕೆ. ತಿಂಗಳ ಕೊನೇಲಿ ಆ ಕ್ಯಾಲೆಂಡರ್ ಪುಟದ ಫೋಟೋ ತರಿಸಿ ನೋಡಿದೆ, ಶನಿವಾರದ ಸಾಲು ಪೂರ್ತಿ ಖಾಲಿ. ಕೇಳಿದ್ರೆ, 'ಅವತ್ತು ಸಂತೆ ಅಲ್ವಾ ಮಿಸ್, ಅಮ್ಮ ಬರೋದೇ ಲೇಟು' ಅಂದ್ಲು. ಮುಂದಿನ ವಾರದಿಂದ ಹಾಳೆಲಿ ಶನಿವಾರದ ಕೆಲಸ ಬದಲಾಯಿಸಿದೆ. ಅಮ್ಮ ಸಂತೆಯಿಂದ ಬಂದು ಚೀಲ ಸುರಿದು ಒಂದೊಂದರ ರೇಟು ಹೇಳ್ತಾ ಹೋಗ್ತಾರೆ, ಚಿಕ್ಕವನು ತರಕಾರಿ ಹೆಸರು ಬರೀತಾನೆ, ಅವಳು ರೇಟು ಬರೆದು ಕೂಡ್ತಾಳೆ, ತಗೊಂಡು ಹೋದ ಐನೂರರಲ್ಲಿ ಎಷ್ಟು ಉಳೀಬೇಕಿತ್ತು ಅಂತ ದೊಡ್ಡವನು ಹೇಳಬೇಕು. ಮೊದಲ ಶನಿವಾರವೇ ಹದಿನೈದು ರೂಪಾಯಿ ಲೆಕ್ಕ ತಪ್ಪಿತ್ತು, ಮೂವರೂ ಮೂರು ಸಲ ಕೂಡಿ ನೋಡಿದ್ರಂತೆ. ಆಮೇಲೆ ಅಮ್ಮ ಒಪ್ಕೊಂಡ್ರಂತೆ, ಬರೋ ದಾರಿಲಿ ಟೀ ಕುಡಿದು ಒಂದು ಬನ್ನು ತಿಂದಿದ್ದೆ ಅಂತ.